ಲೈವ್‌ನಲ್ಲಿ ದಾರಿ ತಪ್ಪಿದ ಸ್ಟ್ರಾಟೆಜಿಯನ್ನು ಯಾವಾಗ, ಹೇಗೆ ನಿಲ್ಲಿಸಬೇಕು: ಹಂತ ಹಂತವಾಗಿ

"ಬ್ಯಾಕ್‌ಟೆಸ್ಟ್ ಚೆನ್ನಾಗಿತ್ತು. ಲೈವ್‌ಗೆ ಹಾಕಿ ಮೂರು ತಿಂಗಳಾಯಿತು, ಬರೀ ನಷ್ಟ. ನಿಲ್ಲಿಸಲಾ, ಇನ್ನೂ ಸ್ವಲ್ಪ ನೋಡಲಾ?"

ಈ ಪ್ರಶ್ನೆಗೆ ನಷ್ಟದ ನಡುವೆ ಕೂತು ಉತ್ತರ ಹುಡುಕಲು ಆಗುವುದಿಲ್ಲ. ಆಗ ಕೆಲವರು ಹತ್ತು ದಿನದ ನಷ್ಟಕ್ಕೇ ಹೆದರಿ ಒಳ್ಳೆಯ ಸ್ಟ್ರಾಟೆಜಿಯನ್ನು ನಿಲ್ಲಿಸುತ್ತಾರೆ. ಇನ್ನು ಕೆಲವರು ಸತ್ತುಹೋದ ಸ್ಟ್ರಾಟೆಜಿಯನ್ನು ವರ್ಷಗಟ್ಟಲೆ ಎಳೆಯುತ್ತಾರೆ. ಉತ್ತರವನ್ನು ಲೈವ್‌ಗೆ ಹೋಗುವ ಮೊದಲೇ ಬರೆದಿಡಬೇಕು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದೇ ಇಲ್ಲಿರುವ ವಿಷಯ.

ನಮ್ಮಲ್ಲಿ ತುಂಬಾ ಜನ ಓಡಿಸುವ ಒಂದು ಸ್ಟ್ರಾಟೆಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ನಿಫ್ಟಿಯ ಇಂಟ್ರಾಡೇ ಶಾರ್ಟ್ ಸ್ಟ್ರ್ಯಾಡಲ್. ಬೆಳಿಗ್ಗೆ 9:20ಕ್ಕೆ ಎಟಿಎಂ ಕಾಲ್ ಮತ್ತು ಪುಟ್ ಎರಡನ್ನೂ ಮಾರುವುದು, ಪ್ರತಿ ಲೆಗ್‌ಗೆ 25% ಸ್ಟಾಪ್‌ಲಾಸ್ ಇಡುವುದು, ಉಳಿದದ್ದನ್ನು 3:15ಕ್ಕೆ ಮುಚ್ಚುವುದು. ಎರಡೂ ಸೇರಿ ಸಿಗುವ ಪ್ರೀಮಿಯಂ 200 ಪಾಯಿಂಟ್ ಎಂದುಕೊಳ್ಳಿ. ಬ್ಯಾಕ್‌ಟೆಸ್ಟ್‌ನಲ್ಲಿ ಖರ್ಚು ಕಳೆದು ದಿನಕ್ಕೆ ಸರಾಸರಿ 3 ಪಾಯಿಂಟ್ ಲಾಭ, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸರಾಸರಿಯ ಸುತ್ತ ಆಗುವ ಏರಿಳಿತ, 30 ಪಾಯಿಂಟ್. ಇವು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು, ನಿಮ್ಮವು ಬೇರೆ ಇರುತ್ತವೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಮೂರು ವಸ್ತು ಸಾಕು. ಬ್ಯಾಕ್‌ಟೆಸ್ಟ್‌ನ ದಿನದಿನದ ಫಲಿತಾಂಶದ ಪಟ್ಟಿ, ಒಂದು ಸ್ಪ್ರೆಡ್‌ಶೀಟ್, ಮತ್ತು ಸಿಮ್ಯುಲೇಶನ್ ಓಡಿಸಲು ಪೈಥಾನ್.

ಪಟ್ಟಿಯ ಬಗ್ಗೆ ಎರಡು ಎಚ್ಚರಿಕೆ. ಒಂದು, ಲೆಕ್ಕ ರೂಪಾಯಿಯಲ್ಲಿ ಬೇಡ, ಪಾಯಿಂಟ್‌ನಲ್ಲಿ ಇರಲಿ. 2024ರ ನವೆಂಬರ್ 20ರಿಂದ ಬಂದ ಹೊಸ ಕಾಂಟ್ರಾಕ್ಟ್‌ಗಳಲ್ಲಿ ನಿಫ್ಟಿ ಲಾಟ್ 25ರಿಂದ 75ಕ್ಕೆ ಹೋಯಿತು. ರೂಪಾಯಿಯಲ್ಲಿ ಪಟ್ಟಿ ಇಟ್ಟವರಿಗೆ ಅಲ್ಲಿಂದ ಮುಂದೆ ಒಂದು ಲಾಟ್‌ನ ಅಷ್ಟೇ ಪಾಯಿಂಟ್ ನಷ್ಟ ಮೂರು ಪಟ್ಟು ದೊಡ್ಡದಾಗಿ ಕಂಡಿತು. ಸ್ಟ್ರಾಟೆಜಿ ಮಾತ್ರ ಬದಲಾಗಿರಲೇ ಇಲ್ಲ. ಬ್ಯಾಕ್‌ಟೆಸ್ಟ್ ಐದಾರು ವರ್ಷ ಹಿಂದಕ್ಕೆ ಹೋಗುವುದಾದರೆ ಪಾಯಿಂಟ್ ಕೂಡ ಸಾಲದು, ಪಡೆದ ಪ್ರೀಮಿಯಂನ ಶೇಕಡಾ ಎಷ್ಟು ಎಂದು ಇಡಿ.

ಎರಡು, ಸ್ಟಾಪ್‌ಲಾಸ್ ಶೇಕಡಾ, ಎಂಟ್ರಿ ಸಮಯ ಇವನ್ನೆಲ್ಲ ಯಾವ ವರ್ಷಗಳ ಡೇಟಾ ನೋಡಿ ಆರಿಸಿದಿರೋ ಆ ವರ್ಷಗಳನ್ನು ಪಟ್ಟಿಯಿಂದ ತೆಗೆಯಿರಿ. ನಲವತ್ತು ಸಂಯೋಜನೆ ಪರೀಕ್ಷಿಸಿ ಚೆನ್ನಾಗಿರುವುದನ್ನು ಎತ್ತಿಕೊಂಡರೆ ಆ ಸರಾಸರಿಯಲ್ಲಿ ಅದೃಷ್ಟವೂ ಸೇರಿರುತ್ತದೆ. ಅಂಥ ಪಟ್ಟಿಯಿಂದ ನಿಲ್ಲಿಸುವ ಗೆರೆ ಎಳೆದರೆ, ಲೈವ್‌ನಲ್ಲಿ ಸಹಜವಾಗಿ ಬರುವ ಇಳಿಕೆಯೂ ರೋಗದಂತೆ ಕಾಣುತ್ತದೆ.

## ಹಂತ 1: ಆರೋಗ್ಯವಂತ ಸ್ಟ್ರಾಟೆಜಿ ಎಷ್ಟು ಕೆಟ್ಟದಾಗಿ ಕಾಣಬಹುದು ಎಂದು ತಿಳಿಯಿರಿ

ಹೆಚ್ಚಿನವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಆದರೆ ಉಳಿದ ಎಲ್ಲ ಹಂತ ನಿಂತಿರುವುದು ಇದರ ಮೇಲೆ.

60 ದಿನದ ರೋಲಿಂಗ್ ಸರಾಸರಿ ನೋಡುತ್ತೀರಿ ಎಂದುಕೊಳ್ಳಿ. ಅಂದರೆ ಪ್ರತಿ ಸಂಜೆ ಕಳೆದ 60 ಟ್ರೇಡಿಂಗ್ ದಿನಗಳ ಸರಾಸರಿ. ದಿನದ ಏರಿಳಿತ 30 ಪಾಯಿಂಟ್ ಇದ್ದರೆ 60 ದಿನದ ಸರಾಸರಿಯ ಏರಿಳಿತ 30 ಭಾಗಿಸು √60, ಸುಮಾರು 3.9 ಪಾಯಿಂಟ್. ನಮ್ಮ ನಿರೀಕ್ಷೆಯೇ 3 ಪಾಯಿಂಟ್! ಹಾಗಾಗಿ ಸ್ಟ್ರಾಟೆಜಿಗೆ ಏನೂ ಆಗಿರದಿದ್ದರೂ, ಯಾವುದೋ ಒಂದು ದಿನ ನೋಡಿದಾಗ 60 ದಿನದ ಸರಾಸರಿ ಸೊನ್ನೆಗಿಂತ ಕೆಳಗಿರುವ ಸಾಧ್ಯತೆ ಐದರಲ್ಲಿ ಒಂದು. "ಮೂರು ತಿಂಗಳು ನಷ್ಟ ಬಂದರೆ ನಿಲ್ಲಿಸುತ್ತೇನೆ" ಎನ್ನುವ ನಿಯಮ ಯಾಕೆ ಕೆಲಸ ಮಾಡುವುದಿಲ್ಲ ಎಂದು ಈಗ ಗೊತ್ತಾಯಿತಲ್ವಾ?

ಸ್ವಲ್ಪ ಲೆಕ್ಕ ಬಲ್ಲವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. 5% ಸಾಧ್ಯತೆಯ ಗೆರೆ ಬೇಕು ಎಂದು 3ರಿಂದ 1.645 ಗುಣಿಸು 3.9 ಕಳೆದು, ಮೈನಸ್ 3.4 ಎಂದು ಬರೆದುಕೊಳ್ಳುತ್ತಾರೆ. ಒಮ್ಮೆ ಮಾತ್ರ ನೋಡುವುದಾದರೆ ಅದು ಸರಿ. ಆದರೆ ನೀವು ಪ್ರತಿ ದಿನ ನೋಡುತ್ತೀರಿ. ವರ್ಷದಲ್ಲಿ ಯಾವಾಗಲಾದರೂ ಒಮ್ಮೆ ಆ ಗೆರೆ ಮುಟ್ಟಿದರೆ ಸಾಕು, ನಿಲ್ಲಿಸಿಬಿಡುತ್ತೀರಿ. ಹಾಗೆ ಲೆಕ್ಕ ಹಾಕಿದರೆ ಆರೋಗ್ಯವಾಗಿರುವ ಸ್ಟ್ರಾಟೆಜಿಯೂ ಒಂದು ವರ್ಷದೊಳಗೆ ಈ ಗೆರೆ ದಾಟುವ ಸಾಧ್ಯತೆ ಹತ್ತಿರ ಹತ್ತಿರ 40%.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಇಡೀ ವರ್ಷದಲ್ಲಿ ರೋಲಿಂಗ್ ಸರಾಸರಿ ಮುಟ್ಟುವ ಅತಿ ಕೆಳಗಿನ ಮಟ್ಟ ಎಷ್ಟಿರಬಹುದು? ಇದಕ್ಕೆ ಸಿಮ್ಯುಲೇಶನ್ ಬೇಕು. ಬ್ಯಾಕ್‌ಟೆಸ್ಟ್ ಪಟ್ಟಿಯಿಂದ ಐದೈದು ದಿನಗಳ ತುಂಡುಗಳನ್ನು ಲಾಟರಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಜೋಡಿಸಿ, 5000 ನಕಲಿ ವರ್ಷ ಮಾಡಿ:

```python
import numpy as np
rng = np.random.default_rng(7)
x = np.loadtxt("backtest_points.csv")
N, W, B = 250, 60, 5
low, dd = [], []
for _ in range(5000):
    s = rng.integers(0, len(x) - B + 1, N // B)
    p = np.concatenate([x[i:i+B] for i in s])
    c = np.concatenate([[0], p.cumsum()])
    low.append(((c[W:] - c[:-W]) / W).min())
    dd.append((np.maximum.accumulate(c) - c).max())
print(np.percentile(low, 5), np.percentile(dd, 95))
```

ಫೈಲ್‌ನಲ್ಲಿ ಸಾಲಿಗೊಂದು ಅಂಕಿ ಇರಲಿ, ತಲೆಬರಹ ಬೇಡ. ತುಂಡುಗಳಾಗಿ ಎತ್ತಲು ಕಾರಣ ಇದೆ: ಸ್ಟ್ರ್ಯಾಡಲ್‌ನ ಕೆಟ್ಟ ದಿನಗಳು ಒಂಟಿಯಾಗಿ ಬರುವುದಿಲ್ಲ. ಮಾರುಕಟ್ಟೆ ಬಿರುಸಾದ ವಾರದಲ್ಲಿ ಸಾಲಾಗಿ ಬರುತ್ತವೆ. ಒಂದೊಂದೇ ದಿನ ಎತ್ತಿದರೆ ಆ ಸಾಲು ಮುರಿದು ನಷ್ಟ ಸಣ್ಣದಾಗಿ ಕಾಣುತ್ತದೆ.

ನೂರು ನಕಲಿ ವರ್ಷಗಳಲ್ಲಿ ಐದು ಮಾತ್ರ ದಾಟುವ ಮಟ್ಟ ಯಾವುದು ಎಂದು ಕೋಡ್‌ನ ಕೊನೆಯ ಸಾಲು ಹೇಳುತ್ತದೆ. ನಮ್ಮ ಉದಾಹರಣೆಯ ಅಂಕಿಗಳಿಗೆ ಉತ್ತರ ಸುಮಾರು ಹೀಗಿರುತ್ತದೆ: ರೋಲಿಂಗ್ ಸರಾಸರಿಗೆ ಮೈನಸ್ 8 ಪಾಯಿಂಟ್, ಡ್ರಾಡೌನ್‌ಗೆ, ಅಂದರೆ ಒಟ್ಟು ಲೆಕ್ಕ ತನ್ನ ಅತಿ ಮೇಲಿನ ಮಟ್ಟದಿಂದ ಬಿದ್ದ ಆಳಕ್ಕೆ, 660 ಪಾಯಿಂಟ್. ಮೈನಸ್ 3.4 ಎಲ್ಲಿ, ಮೈನಸ್ 8 ಎಲ್ಲಿ!

ಇಲ್ಲಿ ಒಂದು ನಿಮಿಷ ನಿಲ್ಲಿ. 660 ಪಾಯಿಂಟ್ ನಷ್ಟವನ್ನು ನಿಮ್ಮ ಲಾಟ್‌ನಿಂದ ಗುಣಿಸಿ. ಆ ಮೊತ್ತ ನೋಡಿ ಎದೆ ಝಲ್ಲೆಂದರೆ ಸೈಜ್ ಜಾಸ್ತಿಯಾಗಿದೆ ಎಂದರ್ಥ. ಗೆರೆಯನ್ನು ಮೇಲೆ ತರಬೇಡಿ, ಸೈಜ್ ಇಳಿಸಿ.

## ಹಂತ 2: ಮೂರು ಕೆಂಪು ಗೆರೆ ಬರೆಯಿರಿ

ಕೆಂಪು ಗೆರೆ ದಾಟಿದರೆ ಚರ್ಚೆ ಇಲ್ಲ, ಸ್ಟ್ರಾಟೆಜಿ ನಿವೃತ್ತಿ.

ಮೊದಲನೆಯದು ಡ್ರಾಡೌನ್: 660 ಪಾಯಿಂಟ್. ಇದು ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ, 60 ದಿನ ತುಂಬಲು ಕಾಯಬೇಕಿಲ್ಲ.

ಎರಡನೆಯದು 60 ದಿನದ ಸರಾಸರಿ: ಮೈನಸ್ 8.

ಮೂರನೆಯದನ್ನು ನಾನು ವಾರ್ಷಿಕ ಗೆರೆ ಎನ್ನುತ್ತೇನೆ. 250ನೇ ದಿನ ಒಂದೇ ಸಲ ಒಟ್ಟು ಲೆಕ್ಕ ನೋಡಿ. ಸೊನ್ನೆಗಿಂತ ಕೆಳಗಿದ್ದರೆ ನಿಲ್ಲಿಸಿ. ಇದು ಯಾಕೆ ಬೇಕು ಎಂದರೆ, ಮೊದಲ ಎರಡು ಗೆರೆ ಹಿಡಿಯುವುದು ಜೋರಾಗಿ ಬಿದ್ದದ್ದನ್ನು ಮಾತ್ರ. ಸ್ಟ್ರಾಟೆಜಿಯ ಲಾಭ 3 ಪಾಯಿಂಟ್‌ನಿಂದ ಸದ್ದಿಲ್ಲದೆ ಸೊನ್ನೆಗೆ ಬಂದರೆ, ಮೈನಸ್ 8ರ ಗೆರೆ ಅದನ್ನು ವರ್ಷದೊಳಗೆ ಹಿಡಿಯುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಅಷ್ಟೇ. ವಾರ್ಷಿಕ ಗೆರೆ ಎರಡರಲ್ಲಿ ಒಂದು ಸಲ ಹಿಡಿಯುತ್ತದೆ. ಆರೋಗ್ಯವಂತ ಸ್ಟ್ರಾಟೆಜಿಯನ್ನು ತಪ್ಪಾಗಿ ನಿಲ್ಲಿಸುವ ಸಾಧ್ಯತೆ ಅದರಲ್ಲಿ ಸುಮಾರು 6% ಮಾತ್ರ. ಪದೇ ಪದೇ ನೋಡದೆ ಒಮ್ಮೆ ನೋಡುವುದರ ಶಕ್ತಿ ಅದು.

ಪ್ರತಿ ಗೆರೆಗೂ 5-6% ಹುಸಿ ಕರೆ ಇದೆ. ಮೂರೂ ಸೇರಿದಾಗ ಅದು 5ಕ್ಕಿಂತ ಜಾಸ್ತಿ, ಆದರೆ 16ಕ್ಕಿಂತ ಜಾಸ್ತಿ ಆಗುವುದಿಲ್ಲ. ಈ ಬೆಲೆ ನಿಮಗೆ ಒಪ್ಪಿಗೆ ಇರಬೇಕು. ಹುಸಿ ಕರೆಯೇ ಇಲ್ಲದ ಗೆರೆ ಬೇಕೆಂದರೆ ಅದು ಎಂದೂ ಕೂಗದ ಗೆರೆಯಾಗುತ್ತದೆ.

## ಹಂತ 3: ಹಳದಿ ಗೆರೆಗಳನ್ನು ಲಾಭನಷ್ಟದ ಹೊರಗೂ ಇಡಿ

ಲಾಭನಷ್ಟದ ಅಂಕಿಯಲ್ಲಿ ಗದ್ದಲ ಜಾಸ್ತಿ. ಸ್ಟ್ರಾಟೆಜಿಯ ಒಳಗೆ ನಡೆಯುವ ಸಣ್ಣ ಸಂಗತಿಗಳಲ್ಲಿ ಗದ್ದಲ ಕಡಿಮೆ. ಅವು ಬೇಗ ಮಾತಾಡುತ್ತವೆ. ಸ್ಟ್ರ್ಯಾಡಲ್‌ಗೆ ಎರಡು ಸಾಕು.

ಎರಡೂ ಲೆಗ್ ಸ್ಟಾಪ್ ಆದ ದಿನಗಳು. ಮಾರುಕಟ್ಟೆ ಒಂದು ಕಡೆ ಓಡಿ ಒಂದು ಲೆಗ್ ಹೊಡೆದು, ತಿರುಗಿ ಬಂದು ಇನ್ನೊಂದನ್ನೂ ಹೊಡೆಯುವ ದಿನ ಈ ಸ್ಟ್ರಾಟೆಜಿಯ ನಿಜವಾದ ಶತ್ರು. ಬ್ಯಾಕ್‌ಟೆಸ್ಟ್‌ನಲ್ಲಿ ಇಂಥ ದಿನಗಳು 22% ಎಂದುಕೊಳ್ಳಿ. 60 ದಿನದಲ್ಲಿ 13 ಸಹಜ, ಏರಿಳಿತ ಸುಮಾರು 3. 20 ದಾಟಿದರೆ ಹಳದಿ.

ಲೈವ್ ಮತ್ತು ಮರುಓಟದ ಅಂತರ. ನನ್ನ ಪ್ರಕಾರ ಇಡೀ ವಿಧಾನದಲ್ಲಿ ಅತಿ ಬೆಲೆಬಾಳುವ ಅಳತೆ ಇದು. ಪ್ರತಿ ಸಂಜೆ ಅದೇ ದಿನದ ಡೇಟಾ ಮೇಲೆ ಅದೇ ಬ್ಯಾಕ್‌ಟೆಸ್ಟ್ ಕೋಡ್ ಓಡಿಸಿ. ಕೋಡ್ 12 ಪಾಯಿಂಟ್ ಲಾಭ ಎಂದಿತು, ನಿಮಗೆ ಸಿಕ್ಕಿದ್ದು 9. ಅಂತರ ಮೈನಸ್ 3. ಎರಡೂ ಒಂದೇ ದಿನದ ಮಾರುಕಟ್ಟೆ ಆದ್ದರಿಂದ ಮಾರುಕಟ್ಟೆಯ ಗದ್ದಲ ಕಳೆದುಹೋಗುತ್ತದೆ. ದಿನದ ಏರಿಳಿತ 30 ಪಾಯಿಂಟ್ ಇದ್ದರೂ ಅಂತರದ ಏರಿಳಿತ 5 ಪಾಯಿಂಟ್ ಇರಬಹುದು. ಹಾಗಾಗಿ ವರ್ಷ ಬೇಡ, 60 ದಿನದಲ್ಲೇ ಉತ್ತರ ಸಿಗುತ್ತದೆ.

ಈ ಅಂತರ ಎಷ್ಟು ದೊಡ್ಡ ವಿಷಯ ನೋಡಿ. ಎರಡು ಮಾರಾಟ, ಎರಡು ಖರೀದಿ, ಒಟ್ಟು ನಾಲ್ಕು ಆರ್ಡರ್. ಪ್ರತಿಯೊಂದರಲ್ಲೂ ಅಂದುಕೊಂಡದ್ದಕ್ಕಿಂತ 70 ಪೈಸೆ ಸ್ಲಿಪ್ಪೇಜ್ ಜಾಸ್ತಿ ಹೋದರೆ ದಿನಕ್ಕೆ 2.8 ಪಾಯಿಂಟ್. ನಮ್ಮ ಲಾಭ 3. ಬಹುತೇಕ ಎಲ್ಲವೂ ಅಲ್ಲೇ ಸೋರಿಹೋಯಿತು.

ಅಂತರದ ಸರಾಸರಿ ಮೈನಸ್ 1.5, ಅಂದರೆ ಲಾಭದ ಅರ್ಧ, ದಾಟಿದರೆ ಹಳದಿ. ಜೊತೆಗೆ ನಾವು ಹಂತ 1ರಲ್ಲಿ ಕೈಬಿಟ್ಟ ಮೈನಸ್ 3.4 ಇದೆಯಲ್ಲ, ಅದನ್ನು 60 ದಿನದ ಸರಾಸರಿಗೆ ಹಳದಿ ಗೆರೆಯಾಗಿ ಬಳಸಿ. ಎಚ್ಚರಿಸಲು ಅದು ಚೆನ್ನಾಗಿದೆ, ಕೊಲ್ಲಲು ಅಲ್ಲ.

ಹಳದಿ ಬಂದರೆ ಸೈಜ್ ಅರ್ಧ, ಮತ್ತು ಹಂತ 6ರ ತನಿಖೆ.

## ಹಂತ 4: ಅಂಕಿ ಕಾಯದ ನಿಯಮ

ಕೆಲವು ಬದಲಾವಣೆಗೆ ಸರಾಸರಿ ನೋಡುತ್ತಾ ಕೂರುವುದು ತಪ್ಪು. ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ 2024ರ ನವೆಂಬರ್ 13ಕ್ಕೆ ಕೊನೆಯಾಯಿತು. ಅದರ ಮೇಲೆ ಕಟ್ಟಿದ ಸ್ಟ್ರಾಟೆಜಿ ಅಂದೇ ಮುಗಿಯಿತು. ತಿಂಗಳ ಕಾಂಟ್ರಾಕ್ಟ್‌ನಲ್ಲಿ ಅದನ್ನೇ ಮುಂದುವರಿಸಿದರೆ ಅದು ಪರೀಕ್ಷೆಯಾಗದ ಹೊಸ ಸ್ಟ್ರಾಟೆಜಿ. ಆಪ್ಷನ್ ಮಾರಾಟದ ಎಸ್‌ಟಿಟಿ 2024ರ ಅಕ್ಟೋಬರ್ 1ರಿಂದ ಪ್ರೀಮಿಯಂನ 0.0625%ರಿಂದ 0.1%ಗೆ ಏರಿತು. 200 ಪಾಯಿಂಟ್ ಪ್ರೀಮಿಯಂಗೆ ಲೆಕ್ಕ ಹಾಕಿದರೆ ಜಾಸ್ತಿಯಾದದ್ದು 0.075 ಪಾಯಿಂಟ್. ಇದನ್ನು ತಾಳಿಕೊಳ್ಳಬಹುದು. 2025ರ ಸೆಪ್ಟೆಂಬರ್‌ನಿಂದ ನಿಫ್ಟಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತು. ಕೋಡ್‌ನಲ್ಲಿ "ಗುರುವಾರ" ಎಂದು ಬರೆದಿಟ್ಟವರು ನಿಲ್ಲಿಸಿ ಮತ್ತೆ ಪರೀಕ್ಷಿಸಲೇಬೇಕು.

ಆದ್ದರಿಂದ ಹೀಗೆ ಬರೆದಿಡಿ: ಕಾಂಟ್ರಾಕ್ಟ್, ಎಕ್ಸ್‌ಪೈರಿ ದಿನ, ತೆರಿಗೆ, ಮಾರ್ಜಿನ್ ಇವುಗಳಲ್ಲಿ ಯಾವುದು ಬದಲಾದರೂ, ಹೊಸ ನಿಯಮದಲ್ಲಿ ಬ್ಯಾಕ್‌ಟೆಸ್ಟ್ ಮತ್ತೆ ಓಡಿಸುವವರೆಗೆ ಟ್ರೇಡ್ ಇಲ್ಲ.

## ಹಂತ 5: ಹಾಳೆಗೆ ತಾರೀಖು ಹಾಕಿ, ಶೀಟ್ ಸಿದ್ಧಮಾಡಿ

ಎಲ್ಲ ಗೆರೆಗಳನ್ನೂ ಒಂದು ಪುಟದಲ್ಲಿ ಬರೆದು, ತಾರೀಖು ಹಾಕಿ, ನಂಬಿಕೆಯ ಇನ್ನೊಬ್ಬರಿಗೆ ಕಳಿಸಿ. ಆಮೇಲೆ ಗೆರೆ ಸಡಿಲಿಸಲು ಕೂಡದು. ಬಿಗಿ ಮಾಡಬಹುದು, ಅದೂ ಲಾಭದಲ್ಲಿರುವಾಗ ಮಾತ್ರ.

ಶೀಟ್‌ನಲ್ಲಿ A ಕಾಲಂ ತಾರೀಖು, B ಲೈವ್ ಪಾಯಿಂಟ್, C ಮರುಓಟ, D ಅಂತರ, E ರೋಲಿಂಗ್ ಸರಾಸರಿ, F ಒಟ್ಟು, G ಡ್ರಾಡೌನ್. F2ನಲ್ಲಿ 0 ಹಾಕಿ, ಮೊದಲ ದಿನವನ್ನು 3ನೇ ಸಾಲಿನಿಂದ ಶುರುಮಾಡಿ. ಆಗ 60ನೇ ದಿನ 62ನೇ ಸಾಲಿನಲ್ಲಿ ಬರುತ್ತದೆ:

```
D62: =B62-C62
E62: =AVERAGE(B3:B62)
F62: =F61+B62
G62: =MAX(F$2:F62)-F62
```

F2ನ ಆ ಸೊನ್ನೆ ಮರೆಯಬೇಡಿ. ಅದಿಲ್ಲದಿದ್ದರೆ ಮೊದಲ ದಿನದಿಂದಲೇ ನಷ್ಟವಾದಾಗ ಡ್ರಾಡೌನ್ ಕಡಿಮೆ ತೋರಿಸುತ್ತದೆ. ಟ್ರೇಡ್ ಆಗದ ದಿನವನ್ನು ಹೇಗೆ ಬರೆಯುತ್ತೀರಿ ಎನ್ನುವುದೂ ಮುಖ್ಯ. ಇಂಟರ್ನೆಟ್ ಹೋಗಿ ಎಂಟ್ರಿ ತಪ್ಪಿದ್ದರೆ B ಸೊನ್ನೆ, C ಮಾತ್ರ ತುಂಬಿ. ಸಾಲನ್ನೇ ಬಿಟ್ಟುಬಿಟ್ಟರೆ ಅಂತರ ಸುಳ್ಳು ಹೇಳುತ್ತದೆ. ಸೈಜ್ ಅರ್ಧ ಮಾಡಿದಾಗಲೂ ಪಾಯಿಂಟ್ ಪೂರ್ತಿಯೇ ಬರೆಯಿರಿ.

## ಹಂತ 6: ಹಳದಿ ಬಂದಾಗ ತನಿಖೆ

ಒಂದು ಪ್ರಕರಣವನ್ನು ಪೂರ್ತಿ ನೋಡೋಣ. 60ನೇ ದಿನ ಲೈವ್ ಸರಾಸರಿ ಮೈನಸ್ 4.5. ಹಳದಿ ದಾಟಿತು, ಕೆಂಪಿಗೆ ದೂರ ಇದೆ. ಸೈಜ್ ಅರ್ಧ ಆಯಿತು.

ಮೊದಲು ನೋಡಬೇಕಾದದ್ದು C ಕಾಲಂ. ಅಲ್ಲಿ ಸರಾಸರಿ ಮೈನಸ್ 1.5. ಆರೋಗ್ಯವಂತ ಸ್ಟ್ರಾಟೆಜಿಗೂ ಇದು ಬರಬಹುದಾದ ಮಟ್ಟ. ಅಂದರೆ ಮಾರುಕಟ್ಟೆ ಸ್ವಲ್ಪ ಕಷ್ಟದ್ದು, ಆದರೆ ತರ್ಕ ಸತ್ತಿದೆ ಎನ್ನಲು ಆಧಾರ ಇಲ್ಲ. ಎರಡೂ ಲೆಗ್ ಹೊಡೆದ ದಿನ 15, ಅದೂ ಸಹಜ.

ಆದರೆ ಅಂತರ ಮೈನಸ್ 3. ಏರಿಳಿತ 5 ಪಾಯಿಂಟ್ ಇದ್ದರೆ 60 ದಿನದ ಸರಾಸರಿಯ ಏರಿಳಿತ 0.65. ಮೈನಸ್ 3 ಅದರ ನಾಲ್ಕು ಪಟ್ಟಿಗೂ ಮೀರಿದ್ದು. ಇದು ಅದೃಷ್ಟದ ಆಟ ಅಲ್ಲ. ರೋಗ ಮಾರುಕಟ್ಟೆಯಲ್ಲಿ ಇಲ್ಲ, ಆರ್ಡರ್ ಹೋಗುವ ದಾರಿಯಲ್ಲಿ ಇದೆ.

ಆರ್ಡರ್ ಲಾಗ್ ತೆಗೆದು, ನಿರ್ಧಾರದ ಹೊತ್ತಿನ ಬೆಲೆ ಮತ್ತು ಸಿಕ್ಕ ಬೆಲೆ ಪಕ್ಕಪಕ್ಕ ಇಡಿ. ಈ ಪ್ರಕರಣದಲ್ಲಿ ಎರಡು ಕಾರಣ ಕಂಡವು. ಬ್ಯಾಕ್‌ಟೆಸ್ಟ್ ಒಂದು ನಿಮಿಷದ ಕ್ಯಾಂಡಲ್‌ನ ಕ್ಲೋಸ್ ಬೆಲೆಗೆ ಮಾರಿದೆ ಎಂದುಕೊಂಡಿತ್ತು. ಲೈವ್‌ನಲ್ಲಿ ಮಾರ್ಕೆಟ್ ಆರ್ಡರ್ ಸರಿಯಾಗಿ 9:20:00ಕ್ಕೆ, ಅದೇ ಕ್ಷಣಕ್ಕೆ ಸಾಲುಗಟ್ಟಿದ ಬೇರೆ ಆರ್ಡರ್‌ಗಳ ಜೊತೆ ಹೋಗುತ್ತಿತ್ತು. ಇನ್ನೊಂದು, ಸ್ಟಾಪ್‌ಲಾಸ್ ಸರಿಯಾಗಿ 25%ಗೆ ಸಿಕ್ಕಿತು ಎಂದು ಕೋಡ್ ನಂಬಿತ್ತು. ನಿಜದಲ್ಲಿ ಬೆಲೆ ಅದನ್ನು ಹಾರಿ ಹೋಗುತ್ತಿತ್ತು.

ಸರಿಪಡಿಸಲು ಒಂದೇ ಅವಕಾಶ, ಅದಕ್ಕೂ ಗಡುವು: 40 ದಿನ, ಅರ್ಧ ಸೈಜ್, ಅಂತರ 1.5ರ ಒಳಗೆ ಬರಬೇಕು. ಎಂಟ್ರಿಯನ್ನು ಲಿಮಿಟ್ ಆರ್ಡರ್‌ಗೆ ಬದಲಿಸಿ, ಕೆಲವು ಸೆಕೆಂಡ್ ಆಚೀಚೆ ಮಾಡಿದ್ದಾಯಿತು. 100ನೇ ದಿನ ಆ 40 ದಿನಗಳ ಅಂತರ ಮೈನಸ್ 2.4. ಎಂಟ್ರಿ ಸುಧಾರಿಸಿತ್ತು, ಸ್ಟಾಪ್ ಸುಧಾರಿಸಿರಲಿಲ್ಲ. 40 ದಿನದ ಏರಿಳಿತ 0.8, ಹಾಗಾಗಿ "ಇನ್ನೊಂದು ತಿಂಗಳು ಕೊಟ್ಟರೆ 1.5ಕ್ಕೆ ಬರಬಹುದೇನೋ" ಎನ್ನಲು ಜಾಗ ಇತ್ತು. ಈ ಮಾತು ತುಂಬಾ ಸಿಹಿ. ಆದರೆ ಗಡುವು ಬರೆದಿದ್ದು ಈ ಮಾತು ಬರುತ್ತದೆ ಎಂದು ಗೊತ್ತಿದ್ದೇ. 3 ಪಾಯಿಂಟ್ ಲಾಭದಲ್ಲಿ 2.4 ಸೋರಿದರೆ ಉಳಿಯುವುದು 0.6. ಡ್ರಾಡೌನ್ ಆಗ 410, ಕೆಂಪು ಗೆರೆ ಮುಟ್ಟುವ ಮೊದಲೇ ನಿವೃತ್ತಿ.

C ಕಾಲಂ ಕೂಡ ಮೈನಸ್ 4ಕ್ಕೆ ಬಂದು ಅಂತರ ಸೊನ್ನೆಯ ಹತ್ತಿರ ಇದ್ದಿದ್ದರೆ ಉತ್ತರ ಬೇರೆ. ಆಗ ಸರಿಪಡಿಸಲು ಏನೂ ಇಲ್ಲ. ಅರ್ಧ ಸೈಜ್‌ನಲ್ಲಿ ಕೆಂಪು ಗೆರೆ ಅಥವಾ ವಾರ್ಷಿಕ ಗೆರೆ ತೀರ್ಮಾನಿಸುವವರೆಗೆ ಸುಮ್ನೆ ಓಡಿಸಬೇಕು. ಸ್ಟಾಪ್ 25% ಇದ್ದದ್ದನ್ನು 30% ಮಾಡಿ "ಟ್ಯೂನ್" ಮಾಡಿದರೆ ಅಲ್ಲಿಗೆ ಹಳೆಯ ಅಂಕಿಗಳೆಲ್ಲ ವ್ಯರ್ಥ. ಅದು ಹೊಸ ಸ್ಟ್ರಾಟೆಜಿ, ಹಂತ 1ರಿಂದ ಶುರು.

## ಹಂತ 7: ನಿಲ್ಲಿಸುವ ದಿನ

ಕೆಂಪು ಗೆರೆ ದಾಟಿದ್ದು ಗೊತ್ತಾಗುವುದು ಸಂಜೆಯ ಲೆಕ್ಕದಲ್ಲಿ. ಮಧ್ಯಾಹ್ನವೇ ಅನುಮಾನ ಬಂದರೆ ಅಂದಿನ ಟ್ರೇಡ್ ತನ್ನ ನಿಯಮದಂತೆ 3:15ಕ್ಕೆ ಮುಗಿಯಲಿ, ಮರುದಿನ ಶುರುವಾಗಬಾರದು. ನಡುವೆ ಕೈಹಾಕಿ ಮುಚ್ಚಿದರೆ ಆ ದಿನದ ಅಂಕಿ ಸ್ಟ್ರಾಟೆಜಿಯದ್ದೂ ಅಲ್ಲ, ನಿಮ್ಮದೂ ಅಲ್ಲ.

ನಿಲ್ಲಿಸುವುದೆಂದರೆ ಶೆಡ್ಯೂಲರ್ ಆಫ್ ಮಾಡುವುದು ಮಾತ್ರ ಅಲ್ಲ. ಬ್ರೋಕರ್ ಖಾತೆಯಲ್ಲಿ ಉಳಿದ ಸ್ಟಾಪ್ ಆರ್ಡರ್‌ಗಳನ್ನು ಕ್ಯಾನ್ಸಲ್ ಮಾಡಿ, ಪೊಸಿಷನ್ ಸೊನ್ನೆ ಇದೆಯೇ ನೋಡಿ. ಸ್ಟ್ರಾಟೆಜಿಯ ಎಪಿಐ ಕೀ ರದ್ದುಮಾಡಿ. ಸರ್ವರ್ ರೀಸ್ಟಾರ್ಟ್ ಆದಾಗ ಹಳೆಯ ಕೋಡ್ ತಾನೇ ಎದ್ದು ಆರ್ಡರ್ ಹಾಕುವುದು ನಿಜವಾಗಿಯೂ ಆಗುತ್ತದೆ. ಮರುದಿನ 9:25ಕ್ಕೆ ಆರ್ಡರ್ ಬುಕ್ ಒಮ್ಮೆ ತೆರೆದು ನೋಡಿ.

ಬಿಡುಗಡೆಯಾದ ಮಾರ್ಜಿನ್ ಅನ್ನು ಅದೇ ವಾರ ಇನ್ನೊಂದು ಸ್ಟ್ರಾಟೆಜಿಗೆ ಹಾಕಬೇಡಿ. ನಷ್ಟ ತುಂಬಿಕೊಳ್ಳುವ ಅವಸರದಲ್ಲಿ ಆರಿಸಿದ್ದಕ್ಕೆ ಗೆರೆ ಬರೆಯುವ ತಾಳ್ಮೆ ಇರುವುದಿಲ್ಲ.

ಮರುಓಟವನ್ನು ಮಾತ್ರ ನಿಲ್ಲಿಸಬೇಡಿ. C ಕಾಲಂ ತುಂಬುತ್ತಲೇ ಇರಲಿ. ಆದರೆ ಎರಡು ವಾರ ಲಾಭ ಕಂಡಿತು ಎಂದು ವಾಪಸ್ ಹೋಗುವಂತಿಲ್ಲ. ವಾಪಸಾತಿಗೂ ಗೆರೆ ಮೊದಲೇ ಬರೆದಿರಬೇಕು: ನಿವೃತ್ತಿಗೆ ಕಾರಣವಾದ ದೋಷ ಇಂಥದ್ದು ಎಂದು ಗೊತ್ತಿರಬೇಕು, ಅದು ಸರಿಯಾಗಿದೆ ಎನ್ನಲು ಪುರಾವೆ ಇರಬೇಕು, ನಿಜವಾದ ಸ್ಲಿಪ್ಪೇಜ್ ಸೇರಿಸಿ ಓಡಿಸಿದ ಬ್ಯಾಕ್‌ಟೆಸ್ಟ್‌ನಲ್ಲಿ ಲಾಭ ಉಳಿಯಬೇಕು. ಮೇಲಿನ ಪ್ರಕರಣದಲ್ಲಿ ಹೊಸ ಬ್ಯಾಕ್‌ಟೆಸ್ಟ್‌ಗೆ 2.4 ಪಾಯಿಂಟ್ ಹೆಚ್ಚಿನ ಖರ್ಚು ಹಾಕಿದಾಗ ದಿನಕ್ಕೆ ಉಳಿದದ್ದು 0.6. 30 ಪಾಯಿಂಟ್ ಏರಿಳಿತದ ಎದುರು ಅದನ್ನು ವರ್ಷಗಳಲ್ಲೂ ಸೊನ್ನೆಯಿಂದ ಬೇರೆ ಮಾಡಿ ನೋಡಲಾಗದು. ಆ ಸ್ಟ್ರಾಟೆಜಿ ವಾಪಸ್ ಬರಲಿಲ್ಲ.